ಒಂದು ಸೊನ್ನೆಯ ಬೆಲೆ

ಪ್ಯಾರಿಸ್ಸಿನಲ್ಲಿ 1796ರ ಹೊತ್ತಿಗೇ ತಿರುಗುತ್ತಿದ್ದ ರೂಲೆಟ್ ಚಕ್ರದಲ್ಲಿ 1ರಿಂದ 36ರವರೆಗಿನ ಗುಳಿಗಳ ಜೊತೆಗೆ ಒಂದು ಸೊನ್ನೆಯೂ ಒಂದು ಜೋಡಿಸೊನ್ನೆಯೂ ಇದ್ದವು. 1843ರಲ್ಲಿ ಜರ್ಮನಿಯ ಹೋಂಬುರ್ಗ್ ಪಟ್ಟಣದಲ್ಲಿ ಫ್ರಾನ್ಸ್ವಾ ಮತ್ತು ಲೂಯಿ ಬ್ಲಾಂ ಎಂಬ ಫ್ರೆಂಚ್ ಸಹೋದರರು ತಮ್ಮ ಜೂಜುಕಟ್ಟೆಯ ಚಕ್ರದಿಂದ ಜೋಡಿಸೊನ್ನೆಯನ್ನು ತೆಗೆದುಹಾಕಿದರು. ಇದು ಧರ್ಮಬುದ್ಧಿಯಲ್ಲ, ಬೇರೆ ಕಟ್ಟೆಗಳ ಗಿರಾಕಿಗಳನ್ನು ಸೆಳೆಯುವ ವ್ಯಾಪಾರಬುದ್ಧಿ.

ಬಿಟ್ಟುಕೊಟ್ಟದ್ದೆಷ್ಟು? ಲೆಕ್ಕ ಹಾಕಿ ನೋಡೋಣ. ಹಳೆಯ ಚಕ್ರದ 38 ಗುಳಿಗಳ ಮೇಲೂ ನಾವು ಒಂದೊಂದು ರೂಪಾಯಿ ಇಟ್ಟೆವೆನ್ನಿ. ಚೆಂಡು ಎಲ್ಲಿ ಬಿದ್ದರೂ ಬಹುಮಾನ 35, ಗೆದ್ದ ಗುಳಿಯ ಮೇಲಿಟ್ಟ ರೂಪಾಯಿ 1, ಒಟ್ಟು 36 ನಮ್ಮ ಕೈಸೇರುತ್ತದೆ. ಉಳಿದ 2 ಕಟ್ಟೆಯ ಪಾಲು. ಅಂದರೆ ನೂರಕ್ಕೆ 5.26. ಒಂಟಿಸೊನ್ನೆಯ ಚಕ್ರದಲ್ಲಾದರೆ 37 ಇಟ್ಟು ಅದೇ 36 ಪಡೆಯುತ್ತೇವೆ. ನಷ್ಟ ಒಂದೇ ರೂಪಾಯಿ, ನೂರಕ್ಕೆ 2.70. ಗುಳಿ ಹೆಚ್ಚಿದರೂ ಬಹುಮಾನ ಹೆಚ್ಚದಿರುವುದೇ ಇದರ ಗುಟ್ಟು.

ಫ್ರಾನ್ಸ್ವಾ 1863ರಲ್ಲಿ ಮಾಂಟೆ ಕಾರ್ಲೋ ಕಟ್ಟೆಯನ್ನು ವಹಿಸಿಕೊಂಡ. ಒಂಟಿಸೊನ್ನೆ ಯೂರೋಪಿನ ವಾಡಿಕೆಯಾಯಿತು. ಅಮೆರಿಕದಲ್ಲಿ ಜೋಡಿಸೊನ್ನೆ ಉಳಿದುಕೊಂಡಿತು. ಒಂದು ಸೊನ್ನೆ ಕಳೆದರೆ ಆಟಗಾರನ ಸೋಲು ನಿಧಾನವಾಗುತ್ತದೆಯೇ ಹೊರತು ಗೆಲುವಾಗಿ ತಿರುಗುವುದಿಲ್ಲ. ಅಗ್ಗದ ಸೊನ್ನೆಯಿಂದಲೇ ಬ್ಲಾಂ ಕುಬೇರನಾದದ್ದು.