ರೌಂಡ್‌ಅಪ್ ಉಳಿತಾಯ

ಖರೀದಿಯ ಮೊತ್ತವನ್ನು ಮುಂದಿನ ಪೂರ್ಣ ಅಂಕಿಗೆ ಏರಿಸಿ, ನಡುವಿನ ಚಿಲ್ಲರೆಯನ್ನು ಗ್ರಾಹಕರದೇ ಉಳಿತಾಯಕ್ಕೆ ತಾನಾಗಿ ಸೇರಿಸುವ ಸೌಲಭ್ಯ. ಬ್ಯಾಂಕ್ ಆಫ್ ಅಮೆರಿಕ 2005ರಲ್ಲಿ ‘ಕೀಪ್ ದ ಚೇಂಜ್’ ಎಂಬ ಹೆಸರಿನಲ್ಲಿ ಆರಂಭಿಸಿದ ಯೋಜನೆ ಇದರ ಪ್ರಸಿದ್ಧ ಮಾದರಿ.

ಅಂಗಡಿಯವರಿಗೆ ಹೋಗುವುದು ಬಿಲ್ಲಿನ ಮೊತ್ತ ಮಾತ್ರ. ಅವರಿಗೆ ಈ ಲೆಕ್ಕದ ಸುಳಿವೂ ಇರುವುದಿಲ್ಲ. ಗ್ರಾಹಕರು ಒಂದೇ ದಿನ ಡೆಬಿಟ್ ಕಾರ್ಡಿನಲ್ಲಿ ಕಾಫಿಗೆ 3.40, ದಿನಸಿಗೆ 27.15, ಔಷಧಿಗೆ 8.95, ಪೆಟ್ರೋಲಿಗೆ 40 ಡಾಲರ್ ಕೊಟ್ಟರು ಎನ್ನೋಣ. ಚಿಲ್ಲರೆ ಕ್ರಮವಾಗಿ 60, 85 ಮತ್ತು 5 ಸೆಂಟ್, ಪೆಟ್ರೋಲಿನದು ಸೊನ್ನೆ. ಆ ಖರೀದಿಗಳು ಖಾತೆಗೆ ಜಮಾ-ಖರ್ಚಾದ ದಿನದ ಕೊನೆಗೆ ಬ್ಯಾಂಕು ಇವನ್ನು ಕೂಡಿಸಿ, 1.50 ಡಾಲರನ್ನು ಒಂದೇ ವರ್ಗಾವಣೆಯಾಗಿ ಚೆಕಿಂಗ್ ಖಾತೆಯಿಂದ ಉಳಿತಾಯ ಖಾತೆಗೆ ಸಾಗಿಸುತ್ತದೆ. ಅಂದು ಚೆಕಿಂಗ್ ಖಾತೆಯಲ್ಲಿ ಸಾಕಷ್ಟು ಹಣವಿಲ್ಲದಿದ್ದರೆ ವರ್ಗಾವಣೆ ರದ್ದಾಗುತ್ತದೆ. ಕೊಂಡ ವಸ್ತುವನ್ನು ಆಮೇಲೆ ಹಿಂದಿರುಗಿಸಿದರೆ ಅದರ ಬೆಲೆ ಚೆಕಿಂಗ್ ಖಾತೆಗೆ ವಾಪಸು ಬರುತ್ತದೆ, ಚಿಲ್ಲರೆ ಮಾತ್ರ ಉಳಿತಾಯದಲ್ಲೇ ಇರುತ್ತದೆ.

ಉಳಿಯುವ ಹಣ ಖರ್ಚಿನ ಗಾತ್ರವನ್ನಲ್ಲ, ಖರೀದಿಗಳ ಸಂಖ್ಯೆಯನ್ನು ಅವಲಂಬಿಸುತ್ತದೆ. ಬೆಲೆಗಳ ಕೊನೆಯ ಅಂಕಿಗಳು ಚದುರಿದ್ದರೆ ಒಂದು ಖರೀದಿಗೆ ಸರಾಸರಿ ಅರ್ಧ ಡಾಲರ್ ಸಿಗುತ್ತದೆ; ತಿಂಗಳಿಗೆ 60 ಖರೀದಿಗೆ ಸುಮಾರು 30 ಡಾಲರ್. ಬೆಲೆಚೀಟಿಗಳೆಲ್ಲ 99ರಲ್ಲೇ ಮುಗಿಯುವ ದೇಶದಲ್ಲಿ ಒಂದೊಂದೇ ಸೆಂಟ್ ಉಳಿಯಬೇಕಲ್ಲವೇ ಎನ್ನಿಸಬಹುದು. ಆದರೆ ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಮಾರಾಟ ತೆರಿಗೆ ಸೇರುವುದು ಬಿಲ್ ಹಾಕುವಾಗ. 19.99ರ ವಸ್ತುವಿಗೆ ಶೇ. 8ರ ತೆರಿಗೆ ಕೂಡಿದರೆ 21.59 ಆಗಿ, 41 ಸೆಂಟ್ ಉಳಿಯುತ್ತದೆ.

ಭಾರತದಲ್ಲಿ ಈ ಲೆಕ್ಕ ಹಾಗೆಯೇ ಕೂಡಿಬರುವುದಿಲ್ಲ. ಪೈಸೆಯ ವ್ಯವಹಾರ ವಿರಳವಾದ್ದರಿಂದ ಮುಂದಿನ ರೂಪಾಯಿಗೆ ಏರಿಸಿ ಪ್ರಯೋಜನವಿಲ್ಲ. 2021ರಲ್ಲಿ ಬೆಂಗಳೂರಿನಲ್ಲಿ ಶುರುವಾದ ‘ಜಾರ್’ ಆ್ಯಪ್ ಹತ್ತರ ಲೆಕ್ಕ ಹಿಡಿಯಿತು: 43 ರೂಪಾಯಿ ಕೊಟ್ಟರೆ 7 ರೂಪಾಯಿ ಉಳಿತಾಯಕ್ಕೆ. ಅದು ಬ್ಯಾಂಕ್ ಅಲ್ಲವಾದ್ದರಿಂದ ಖರ್ಚನ್ನು ಬ್ಯಾಂಕಿನ ಎಸ್ಸೆಮ್ಮೆಸ್ ನೋಡಿ ತಿಳಿಯುತ್ತದೆ. ಹಣ ಕಡಿತಕ್ಕೆ ಗ್ರಾಹಕರು ಯುಪಿಐ ಆಟೋಪೇ ಒಪ್ಪಿಗೆ ಕೊಟ್ಟಿರಬೇಕು. ಎಸ್ಸೆಮ್ಮೆಸ್ ಬಾರದ ಖರ್ಚು ಇಂಥ ಏರ್ಪಾಡಿನ ಕಣ್ಣಿಗೆ ಬೀಳದು. 10, 20, 50 ರೂಪಾಯಿಯ ಚಹಾ-ತಿಂಡಿ ಪಾವತಿಗಳಿಂದ ಏನೂ ಹುಟ್ಟುವುದಿಲ್ಲ.

ಚಿಲ್ಲರೆ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಗಮನಿಸಬೇಕು. ಜಾರ್‌ನಲ್ಲಿ ಅದು ಡಿಜಿಟಲ್ ಚಿನ್ನವಾಗುತ್ತದೆ. ಚಿನ್ನದ ಖರೀದಿಗೆ ಶೇ. 3ರ ಜಿಎಸ್‌ಟಿ ಇರುವುದರಿಂದ 100 ರೂಪಾಯಿ ಹಾಕಿದರೆ ಸಿಗುವುದು ಸುಮಾರು 97 ರೂಪಾಯಿಯ ಚಿನ್ನ. ಮಾರುವ ದರ ಕೊಳ್ಳುವ ದರಕ್ಕಿಂತ ಕಡಿಮೆಯಿರುವುದರಿಂದ, ಬೆಲೆ ಆ ಎರಡನ್ನೂ ಮೀರಿ ಏರುವತನಕ ಹಾಕಿದ ಹಣವೂ ಪೂರ್ತಿ ಕೈಗೆ ಬರುವುದಿಲ್ಲ.