ಏಕಾದಶಿಯ ಉಪವಾಸದಲ್ಲಿ ವ್ಯಾಯಾಮ: ದಶಮಿಯಿಂದ ತ್ರಯೋದಶಿಯವರೆಗೆ

ಏಕಾದಶಿ ಬರುವುದು ತಿಂಗಳಿಗೆ ಎರಡು ಸಲ. ಉಪ್ಪಿಟ್ಟು, ಅವಲಕ್ಕಿ, ಹಾಲು, ಹಣ್ಣು ತಿಂದು ಆಚರಿಸುವ ಮನೆಗಳಲ್ಲಿ ಶಕ್ತಿಯ ಕೊರತೆ ದೊಡ್ಡ ಪ್ರಶ್ನೆಯೇ ಅಲ್ಲ. ಅಂದು ವ್ಯಾಯಾಮ ಸ್ವಲ್ಪ ಹಗುರಾದರೆ ಸಾಕು. ಇಲ್ಲಿ ಹೇಳುವುದು ಮಾಧ್ವರಲ್ಲಿ ಅನೇಕರು ಪಾಲಿಸುವ ನಿರ್ಜಲ ಏಕಾದಶಿಯ ವಿಚಾರ. ದಶಮಿಯಂದು ಏಕಭುಕ್ತ, ಏಕಾದಶಿಯಂದು ಅನ್ನ ನೀರು ಎರಡೂ ಇಲ್ಲ, ದ್ವಾದಶಿ ಬೆಳಿಗ್ಗೆ ಪಾರಣೆ. ದಶಮಿ ಮಧ್ಯಾಹ್ನ ಒಂದು ಗಂಟೆಗೆ ಉಂಡವರು ದ್ವಾದಶಿ ಬೆಳಿಗ್ಗೆ ಆರೂವರೆಗೆ ಪಾರಣೆ ಮಾಡಿದರೆ ನಡುವೆ ನಲವತ್ತೊಂದೂವರೆ ಗಂಟೆ ಊಟವಿಲ್ಲ. ಒಂದು ದಿನದ ಉಪವಾಸ ಎಂದು ಲೆಕ್ಕ ಹಾಕಿ ಹೊರಟವರು ಎಡವುವುದು ಇಲ್ಲೇ.

ದೇಹದಲ್ಲಿ ನಡೆಯುವುದು

ಉಂಡ ಅನ್ನದ ಸಕ್ಕರೆಯಲ್ಲಿ ಸುಮಾರು 100 ಗ್ರಾಂನಷ್ಟು ಯಕೃತ್ತಿನಲ್ಲಿ ಗ್ಲೈಕೋಜೆನ್ ಆಗಿ ಉಳಿಯುತ್ತದೆ. ಊಟವಿಲ್ಲದ ಹೊತ್ತಿನಲ್ಲಿ ರಕ್ತದ ಸಕ್ಕರೆಯನ್ನು ಕಾಯುವುದು ಈ ಸಂಗ್ರಹ. ಒಂದು ದಿನ ಕಳೆಯುವಷ್ಟರಲ್ಲಿ ಅದು ಬಹುತೇಕ ಮುಗಿಯುತ್ತದೆ. ಸ್ನಾಯುಗಳಲ್ಲಿ ಇದಕ್ಕಿಂತ ಹೆಚ್ಚಿನ ದಾಸ್ತಾನು ಇದ್ದರೂ ಅದನ್ನು ಆಯಾ ಸ್ನಾಯುವೇ ಬಳಸಿಕೊಳ್ಳಬೇಕು, ಮಿದುಳಿಗೆ ಕೊಡಲಾಗದು. ಆಮೇಲೆ ದೇಹ ಕೊಬ್ಬಿನ ಮೇಲೆ ನಡೆಯುತ್ತದೆ. ಕೊಬ್ಬು ಧಾರಾಳವಾಗಿ ಇರುತ್ತದೆ, ಆದರೆ ನಿಧಾನವಾಗಿ ಉರಿಯುತ್ತದೆ. ಹಾಗಾಗಿ ನಡಿಗೆಗೆ ಅದು ಸಾಕು, ವೇಗದ ಓಟಕ್ಕೂ ಭಾರ ಎತ್ತುವುದಕ್ಕೂ ಸಾಲದು.

ನಿರ್ಜಲದಲ್ಲಿ ಹಸಿವಿಗಿಂತ ನೀರೇ ಮೊದಲು ಕೈಕೊಡುತ್ತದೆ. ದೇಹತೂಕದ ನೂರಕ್ಕೆ ಎರಡರಷ್ಟು, ಅಂದರೆ 65 ಕಿಲೋ ತೂಕದವರಲ್ಲಿ ಸುಮಾರು 1.3 ಲೀಟರ್ ನೀರು ಕಡಿಮೆಯಾದರೆ ಕಸುವು ಕುಗ್ಗುತ್ತದೆ. ನಿನ್ನೆಯ ವೇಗದಲ್ಲೇ ನಡೆದರೂ ಎದೆಬಡಿತ ಹೆಚ್ಚು ಇರುತ್ತದೆ. ಆದ್ದರಿಂದ ಅಂದು ಗಡಿಯಾರ ನೋಡಿ ನಡೆಯಬಾರದು, ಉಸಿರು ನೋಡಿ ನಡೆಯಬೇಕು: ಪಕ್ಕದವರೊಂದಿಗೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗುತ್ತಿದೆಯೇ? ಆಗದಿದ್ದರೆ ವೇಗ ಹೆಚ್ಚಾಯಿತು.

ನಾಲ್ಕು ದಿನದ ಯೋಜನೆ

ವಾರಕ್ಕೆ ನಾಲ್ಕು ದಿನ ಅರ್ಧ ಗಂಟೆಯಲ್ಲಿ ಐದು ಕಿಲೋಮೀಟರ್ ಓಡುವ, ಎರಡು ದಿನ ಜಿಮ್‌ಗೆ ಹೋಗುವ ನಲವತ್ತರ ಆಸುಪಾಸಿನ ಆರೋಗ್ಯವಂತರೊಬ್ಬರನ್ನು ಊಹಿಸಿಕೊಳ್ಳಿ.

ಉಪವಾಸಕ್ಕೆ ಮುಂಚಿನ ಭಾರದ ವ್ಯಾಯಾಮವನ್ನು ಅವರು ದಶಮಿ ಬೆಳಿಗ್ಗೆಯೇ ಮುಗಿಸಬೇಕು. ಮಧ್ಯಾಹ್ನದ ಊಟ ಇನ್ನೂ ಮುಂದಿರುವುದರಿಂದ ಖರ್ಚಾದದ್ದು ತುಂಬಿಕೊಳ್ಳುತ್ತದೆ. ಸಂಜೆ ಜಿಮ್‌ಗೆ ಹೋದರೆ ಆ ಖರ್ಚು ಹಾಗೆಯೇ ಉಳಿದು ಉಪವಾಸ ಶುರುವಾಗುತ್ತದೆ. ಊಟದಲ್ಲಿ ಅನ್ನದ ಜೊತೆ ಬೇಳೆ, ಮಜ್ಜಿಗೆ ಇರಲಿ. ನೀರನ್ನು ಮಲಗುವ ಮುಂಚೆ ಒಮ್ಮೆಲೇ ಕುಡಿದರೆ ಅದು ಮೂತ್ರವಾಗಿ ಹೋಗುತ್ತದೆ. ದಿನವಿಡೀ ಹಂಚಿ ಕುಡಿಯಬೇಕು.

ಏಕಾದಶಿಯಂದು ಸೂರ್ಯೋದಯದ ಹೊತ್ತಿಗೆ ಇಪ್ಪತ್ತೈದು ನಿಮಿಷ ನಿಧಾನ ನಡಿಗೆ, ಕೈಕಾಲು ಸಡಿಲಿಸುವ ಒಂದೆರಡು ಆಸನ. ಬೆವರು ಬರುವಷ್ಟು ಬೇಡ, ಬಿಸಿಲಂತೂ ಬೇಡವೇ ಬೇಡ. ಅಂದು ಮಠದಲ್ಲಿ ಪ್ರದಕ್ಷಿಣೆ ನಮಸ್ಕಾರ ಹಾಕುವವರು ಅದನ್ನೂ ವ್ಯಾಯಾಮದ ಲೆಕ್ಕಕ್ಕೆ ಸೇರಿಸಿಕೊಳ್ಳಲಿ. ಬಗ್ಗಿ ಎದ್ದಾಗಲೇ ರಕ್ತದೊತ್ತಡ ಇಳಿದು ತಲೆ ತಿರುಗುವುದು.

ನಿಜವಾಗಿ ಎಚ್ಚರ ಬೇಕಾದದ್ದು ದ್ವಾದಶಿಯ ಬೆಳಗಿನ ಜಾವಕ್ಕೆ. ಮೈ ಹಗುರವಾಗಿದೆ, ಉಪವಾಸ ಮುಗಿಯಿತಲ್ಲ ಎಂದು ಪಾರಣೆಗೆ ಮುಂಚೆ ಓಡಲು ಹೋಗುವವರಿದ್ದಾರೆ. ಇಡೀ ವ್ರತದಲ್ಲಿ ಇದಕ್ಕಿಂತ ಕೆಟ್ಟ ಹೊತ್ತು ಇನ್ನೊಂದಿಲ್ಲ. ಹರಿವಾಸರ ಇದ್ದ ದಿನ ಪಾರಣೆ ಇನ್ನೂ ತಡ, ಪಂಚಾಂಗ ನೋಡಿಕೊಳ್ಳಬೇಕು. ತೀರ್ಥ, ನೀರು, ಆಮೇಲೆ ಅಗಸೆ ಸೊಪ್ಪು, ನೆಲ್ಲಿಕಾಯಿ, ಹೆಸರುಬೇಳೆ ಸೇರಿದ ಹದವಾದ ಊಟ ಮಾಡಿ, ಹಗಲು ಬಿಟ್ಟು, ಸಂಜೆ ಎರಡೂವರೆ ಕಿಲೋಮೀಟರ್ ನಿಧಾನವಾಗಿ ಓಡಬಹುದು. ಭಾರ ಎತ್ತುವುದು ತ್ರಯೋದಶಿಗೆ.

ತಲೆನೋವು ಹಸಿವಿನದೇ?

ಎಷ್ಟೋ ಸಲ ಅದು ಕಾಫಿಯದು. ದಿನಕ್ಕೆ ಮೂರು ಲೋಟ ಕುಡಿಯುವವರಿಗೆ ಕೊನೆಯ ಲೋಟವಾಗಿ ಹನ್ನೆರಡರಿಂದ ಇಪ್ಪತ್ನಾಲ್ಕು ಗಂಟೆಯೊಳಗೆ ತಲೆ ಸಿಡಿಯಲು ಶುರುವಾಗುತ್ತದೆ. ಮೂರ್ನಾಲ್ಕು ದಿನ ಮುಂಚೆಯೇ ಒಂದೊಂದೇ ಲೋಟ ಇಳಿಸುತ್ತ ಬಂದರೆ ಏಕಾದಶಿಯಂದು ಕಾಟ ಕಡಿಮೆ. ಕೈ ನಡುಗಿ ತಣ್ಣನೆ ಬೆವರು ಬಂದರೆ, ಮಾತು ತಡವರಿಸಿದರೆ ಅದು ಬೇರೆ ಕಥೆ: ರಕ್ತದ ಸಕ್ಕರೆ ಇಳಿದಿರಬಹುದು. ಆಗ ಕೂಡಲೇ ಸಕ್ಕರೆ ನೀರು ಕುಡಿಯಬೇಕು, ವ್ರತ ಅಲ್ಲಿಗೇ ನಿಲ್ಲಬೇಕು. ನಿಂತಾಗಲೆಲ್ಲ ಕಣ್ಣು ಕತ್ತಲೆಯಾಗುವುದು, ಮೂತ್ರ ಗಾಢ ಬಣ್ಣಕ್ಕೆ ತಿರುಗಿ ತೀರ ಕಡಿಮೆಯಾಗುವುದು ನೀರಿನ ಕೊರತೆಯ ಗುರುತು.

ಇದು ಯಾರಿಗೆ ಅನ್ವಯಿಸದು

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವ ಮಧುಮೇಹಿಗಳಲ್ಲಿ ಊಟವಿಲ್ಲದಿದ್ದರೂ ಔಷಧಿ ಸಕ್ಕರೆಯನ್ನು ಇಳಿಸುತ್ತಲೇ ಇರುತ್ತದೆ. ನಡಿಗೆ ಅದನ್ನು ಇನ್ನಷ್ಟು ತಗ್ಗಿಸುತ್ತದೆ. ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆಯವರಿಗೆ ನಿರ್ಜಲವೇ ಅಪಾಯ. ಗರ್ಭಿಣಿಯರಿಗೂ, ಮೂತ್ರಪಿಂಡದ ತೊಂದರೆ ಇರುವವರಿಗೂ ಈ ಯೋಜನೆ ಅಲ್ಲ. ಇವರೆಲ್ಲ ಉಪವಾಸದ ಬಗೆಯನ್ನೇ ವೈದ್ಯರೊಂದಿಗೆ ಮೊದಲು ತೀರ್ಮಾನಿಸಿಕೊಳ್ಳಬೇಕು, ವ್ಯಾಯಾಮದ ಮಾತು ಆಮೇಲೆ.