ಪುಲಕೇಶಿ ‘ಪರಮೇಶ್ವರ’ನಾದದ್ದು ಯಾವಾಗ?

ಇಮ್ಮಡಿ ಪುಲಕೇಶಿ ನರ್ಮದೆಯ ದಡದಲ್ಲಿ ಹರ್ಷವರ್ಧನನನ್ನು ಸೋಲಿಸಿ ‘ಪರಮೇಶ್ವರ’ ಎಂಬ ಬಿರುದು ಪಡೆದ. ಇದು ಶಾಲೆಯ ಪಠ್ಯದಲ್ಲೇ ಬರುವ ಮಾತು. ಅದಕ್ಕೆ ಆಧಾರವೂ ಇದೆ. ಪುಲಕೇಶಿಯ ಮಗ ಒಂದನೆಯ ವಿಕ್ರಮಾದಿತ್ಯನ ಕಾಲದಿಂದ ಮುಂದೆ ಬಾದಾಮಿ ಚಾಲುಕ್ಯರು ಹೊರಡಿಸಿದ ತಾಮ್ರಶಾಸನಗಳಲ್ಲಿ, ಉತ್ತರಾಪಥಕ್ಕೆಲ್ಲ ಒಡೆಯನಾದ ಹರ್ಷವರ್ಧನನನ್ನು ಸೋಲಿಸಿ ಪರಮೇಶ್ವರನೆಂಬ ಇನ್ನೊಂದು ಹೆಸರನ್ನು ಪಡೆದವನು ಎಂಬ ವಿಶೇಷಣ ಪುಲಕೇಶಿಗೆ ತಪ್ಪದೆ ಬರುತ್ತದೆ. ಆದರೆ ಪುಲಕೇಶಿಯೇ ಹೊರಡಿಸಿದ ಶಾಸನಗಳನ್ನು ಕಾಲಾನುಕ್ರಮವಾಗಿ ಜೋಡಿಸಿಕೊಂಡು ಓದಿದರೆ ಈ ಕತೆ ಹೀಗೇ ನಿಲ್ಲುವುದಿಲ್ಲ.

ಮೊದಲು ತಾಮ್ರಪಟ ಎಂದರೇನು ಎಂಬುದನ್ನು ನೆನಪಿಗೆ ತಂದುಕೊಳ್ಳಬೇಕು. ಅದು ಆಸ್ತಿಪತ್ರ. ಊರನ್ನೋ ಹೊಲವನ್ನೋ ದಾನ ಪಡೆದವನು ಅದನ್ನು ಮನೆಯಲ್ಲಿ ಕಾಪಾಡಿಕೊಳ್ಳಬೇಕು, ತಂಟೆ ಬಂದಾಗ ತೋರಿಸಬೇಕು. ಹಲಗೆಗಳನ್ನು ಬಳೆಯಲ್ಲಿ ಪೋಣಿಸಿ ಬಳೆಯ ಮೇಲೆ ರಾಜಮುದ್ರೆ ಒತ್ತುತ್ತಿದ್ದರು. ಚಾಲುಕ್ಯರ ಮುದ್ರೆ ವರಾಹ. ಬರಹದಲ್ಲಿ ಸಾಮಾನ್ಯವಾಗಿ ಎರಡು ಪಾಲು. ಮೊದಲನೆಯದು ಪ್ರಶಸ್ತಿ: ಮಾನವ್ಯ ಗೋತ್ರ, ಹಾರೀತಿಯ ಮಕ್ಕಳು, ಸಪ್ತಮಾತೃಕೆಯರು ಸಾಕಿದವರು ಎಂದು ಶುರುವಾಗಿ ಅಜ್ಜ, ಅಪ್ಪ, ದಾನಿ ಎಂದು ಇಳಿಯುವ ವಂಶವರ್ಣನೆ. ಎರಡನೆಯದು ವ್ಯವಹಾರ: ಯಾವ ಊರು, ಯಾರಿಗೆ, ಯಾವ ದಿನ. ವ್ಯವಹಾರದ ಭಾಗವನ್ನು ಪ್ರತಿ ದಾನಕ್ಕೂ ಹೊಸದಾಗಿ ಬರೆಯಲೇಬೇಕು. ಪ್ರಶಸ್ತಿ ಮಾತ್ರ ಅರಮನೆಯ ಬರಹಗಾರರ ಬಳಿ ಸಿದ್ಧವಾಗಿರುತ್ತಿದ್ದ ಒಕ್ಕಣೆ. ಒಂದು ಪಟದಿಂದ ಇನ್ನೊಂದಕ್ಕೆ ಅದು ಹೆಚ್ಚುಕಡಿಮೆ ಹಾಗೆಯೇ ಸಾಗುತ್ತದೆ. ಆದ್ದರಿಂದ ಅದರಲ್ಲಿ ಒಂದು ಮಾತು ಬದಲಾದರೆ ಆ ಬದಲಾವಣೆಗೆ ಬೆಲೆ ಹೆಚ್ಚು.

ಹೈದರಾಬಾದ್ ತಾಮ್ರಪಟವೆಂದು ಹೆಸರಾದ ಪುಲಕೇಶಿಯ ದಾನಶಾಸನ ಶಕ 534 ಕಳೆದ ಮೇಲೆ, ಆತನ ಆಳ್ವಿಕೆಯ ಮೂರನೆಯ ವರ್ಷದ್ದು. ಭಾದ್ರಪದದ ಸೂರ್ಯಗ್ರಹಣದಂದು ದಾನ ಕೊಟ್ಟದ್ದು ಎಂದಿರುವುದರಿಂದ ಅದನ್ನು ಕ್ರಿ.ಶ. 612 ಇಲ್ಲವೇ 613ಕ್ಕೆ ಹಾಕುತ್ತಾರೆ. ಆತ ಪಟ್ಟಕ್ಕೆ ಬಂದದ್ದು 610ರ ಸುಮಾರಿಗೆ ಎಂಬ ಲೆಕ್ಕ ಸಿಗುವುದೂ ಈ ‘ಮೂರನೆಯ ವರ್ಷ’ದಿಂದಲೇ. ಈ ಪಟದಲ್ಲಿ ಪುಲಕೇಶಿ ಆಗಲೇ ‘ಪರಮೇಶ್ವರ’. ಆದರೆ ಸೋತವರ ಜಾಗದಲ್ಲಿ ಹರ್ಷನ ಹೆಸರಿಲ್ಲ. ನೂರಾರು ಕಾಳಗಗಳಲ್ಲಿ ಎದುರಾದ ಶತ್ರುರಾಜರನ್ನು ಗೆದ್ದು ಆ ಹೆಸರು ಪಡೆದ ಎಂದಷ್ಟೇ ಇದೆ. ವಾಕ್ಯದ ಕಟ್ಟು ಅದೇ, ಬಿರುದೂ ಅದೇ. ಮುಂದೆ ಹರ್ಷ ಬರಲಿರುವ ಜಾಗದಲ್ಲಿ ಇಲ್ಲಿರುವುದು ಬರೀ ‘ಶತ್ರುರಾಜರು’.

ಇದನ್ನು ವಿವರಿಸಲು ವಿದ್ವಾಂಸರು ಎರಡು ದಾರಿ ಹಿಡಿದರು. ಬಿರುದು ಹರ್ಷನ ಸೋಲಿನಿಂದಲೇ ಬಂದದ್ದು ಎಂದು ನಂಬಿದವರು, 612ರ ಹೊತ್ತಿಗೇ ಆ ಯುದ್ಧ ಮುಗಿದಿರಬೇಕು ಎಂದರು. ಹೆಸರು ಹೇಳದಿದ್ದರೂ ಶತ್ರುರಾಜರೆಂದರೆ ಹರ್ಷನೇ ಎಂಬುದು ಅವರ ವಾದ. ಇನ್ನೊಂದು ಗುಂಪು ಹಿಡಿದದ್ದು ಮೌನದ ಜಾಡನ್ನು. ನಾಸಿಕ್ ಜಿಲ್ಲೆಯ ಲೋಹನೇರ್‌ನಲ್ಲಿ ಸಿಕ್ಕ ಪಟ ಶಕ 552ರದ್ದು, ಅಂದರೆ ಕ್ರಿ.ಶ. 630ರದ್ದು. ಅದರಲ್ಲಿ ಹರ್ಷನ ಸುದ್ದಿಯಿಲ್ಲ. ಶಕ 556ರಲ್ಲಿ, ಕ್ರಿ.ಶ. 634-35ರಲ್ಲಿ, ರವಿಕೀರ್ತಿ ಐಹೊಳೆಯ ಮೇಗುಟಿ ಬಸದಿಯ ಗೋಡೆಯಲ್ಲಿ ಬರೆಸಿದ ಶಾಸನದಲ್ಲಿ ಹರ್ಷ ತನ್ನ ಹರ್ಷವನ್ನೇ ಕಳೆದುಕೊಂಡ ಎಂಬ ಶ್ಲೇಷೆಯಿದೆ. ಹಾಗಿದ್ದರೆ ಯುದ್ಧ ನಡೆದದ್ದು 630ಕ್ಕೂ 634ಕ್ಕೂ ನಡುವೆ ಎಂಬ ತೀರ್ಮಾನಕ್ಕೆ ಇವರು ಬಂದರು. ಬಹಳ ಕಾಲ ಈ ಮಾತೇ ಹೆಚ್ಚು ನಡೆಯಿತು.

ಈ ಲೆಕ್ಕವನ್ನು ಕೆಡಿಸಿದ್ದು ಮುಂಬೈಯ ಒಂದು ಖಾಸಗಿ ಸಂಗ್ರಹದಿಂದ ಹೊರಬಂದ ತಾಮ್ರಪಟ. ಪುಣೆಯ ಭಾಂಡಾರ್‌ಕರ್ ಸಂಸ್ಥೆಯ ಶ್ರೀನಂದ ಬಾಪಟ್ ಮತ್ತು ಪ್ರದೀಪ ಸೋಹೋನಿ ಅದನ್ನು ಓದಿ ಪ್ರಕಟಿಸಿದರು. ಬಿಜಾಪುರ-ಮುಂಬೈ ತಾಮ್ರಪಟ ಎಂದು ಅವರು ಕರೆದ ಈ ದಾನಪತ್ರದ ತೇದಿ 619ರ ಏಪ್ರಿಲ್ 4. ಹರ್ಷನ ಮೇಲಿನ ಗೆಲುವು ಅದರಲ್ಲಿ ಆಗಲೇ ಉಕ್ತವಾಗಿದೆ. ಅದರ ಆಧಾರದ ಮೇಲೆ ಅವರು ಯುದ್ಧವನ್ನು 618-19ರ ಚಳಿಗಾಲಕ್ಕೆ ತಂದರು.

ಇದರಿಂದ ಎರಡು ವಾದಗಳೂ ಸಡಿಲಗೊಂಡವು. 619ರ ಪಟದಲ್ಲಿರುವ ಸುದ್ದಿ 630ರ ಪಟದಲ್ಲಿ ಇಲ್ಲವೆಂದರೆ, ಲೋಹನೇರ್‌ನ ಮೌನ ಹೇಳುವುದು ಯುದ್ಧದ ಬಗ್ಗೆ ಅಲ್ಲ, ಆ ಪಟದ ಒಕ್ಕಣೆಯ ಬಗ್ಗೆ. ದಾನಪತ್ರ ಬರೆಯುವವನಿಗೆ ರಾಜನ ದಂಡಯಾತ್ರೆಗಳ ಪಟ್ಟಿ ಒಪ್ಪಿಸುವ ಹಂಗಿರಲಿಲ್ಲ. ಶಾಸನದಲ್ಲಿ ಒಂದು ಸಂಗತಿ ಇದ್ದರೆ ಅದು ಆ ತೇದಿಗೆ ಮುಂಚೆ ನಡೆದಿದೆ ಎನ್ನಬಹುದು. ಇಲ್ಲದಿದ್ದರೆ ನಡೆದಿರಲಿಲ್ಲ ಎನ್ನಲಾಗದು. ಇತ್ತ ಮೊದಲ ಗುಂಪಿನ ವಾದವೂ ನಿಲ್ಲುವುದಿಲ್ಲ. ಯುದ್ಧ 618-19ರದ್ದಾದರೆ, ಅದಕ್ಕೂ ಐದಾರು ವರ್ಷ ಮೊದಲೇ ಪುಲಕೇಶಿ ‘ಪರಮೇಶ್ವರ’ನಾಗಿದ್ದ. ಬಿರುದು ಹಳೆಯದು, ಅದಕ್ಕೆ ಹರ್ಷನ ಕಾರಣ ಸೇರಿದ್ದು ಆಮೇಲೆ. ಮಗ, ಮೊಮ್ಮಕ್ಕಳ ಕಾಲಕ್ಕೆ ಹೆಸರಿಲ್ಲದ ಶತ್ರುಗಳಿಗಿಂತ ಉತ್ತರಾಪಥದ ಒಡೆಯ ದೊಡ್ಡ ಕಾರಣವಾಗಿ ಕಂಡಿದ್ದರೆ ಸೋಜಿಗವಿಲ್ಲ.

ಹಾಗಾದರೆ 612ರ ಹೊತ್ತಿಗೆ ಸೋತಿದ್ದ ಆ ಶತ್ರುರಾಜರು ಯಾರು? ಇಲ್ಲಿ ಮಾತು ಮನೆಯೊಳಗಿನ ಜಗಳಕ್ಕೆ ತಿರುಗುತ್ತದೆ. ಪುಲಕೇಶಿಯ ತಾಮ್ರಪಟಗಳ ವಂಶಾವಳಿಯಲ್ಲಿ ಅಜ್ಜ ಒಂದನೆಯ ಪುಲಕೇಶಿ, ಅಪ್ಪ ಕೀರ್ತಿವರ್ಮ, ಆಮೇಲೆ ತಾನು. ನಡುವೆ ಹತ್ತಕ್ಕೂ ಹೆಚ್ಚು ವರ್ಷ ಆಳಿದ ಚಿಕ್ಕಪ್ಪ ಮಂಗಳೇಶನ ಹೆಸರೇ ಇಲ್ಲ. ಈ ಪಟಗಳಷ್ಟೇ ಉಳಿದಿದ್ದರೆ ಅಪ್ಪನ ಬೆನ್ನಿಗೇ ಮಗ ಪಟ್ಟವೇರಿದ ಎಂದು ತಿಳಿಯುತ್ತಿದ್ದೆವು.

ಮಂಗಳೇಶನನ್ನು ಉಳಿಸಿದ್ದು ಕಲ್ಲು. 578ರಲ್ಲಿ ಬಾದಾಮಿಯ ಮೂರನೆಯ ಗುಹೆಯನ್ನು ಮಾಡಿಸಿದಾಗ ಆತ ಅದರ ಪುಣ್ಯವನ್ನು ಅಣ್ಣ ಕೀರ್ತಿವರ್ಮನಿಗೆ ಅರ್ಪಿಸಿದ. ಮುಂದೆ ಅರಸನಾದ ಮೇಲೆ ಮಹಾಕೂಟದ ಕಂಬದ ಮೇಲೂ ಅವನ ಶಾಸನ ಬಂತು. ಅವನ ಕೊನೆಯನ್ನು ಹೇಳುವವನು ರವಿಕೀರ್ತಿ: ರಾಜ್ಯ ತನ್ನ ಮಗನಿಗೇ ಸಿಗಲೆಂದು ಮಂಗಳೇಶ ಹವಣಿಸಿದ, ರಾಜ್ಯದ ಜೊತೆ ಪ್ರಾಣವನ್ನೂ ಕಳೆದುಕೊಂಡ. ಅನಂತಪುರ ಜಿಲ್ಲೆಯ ಪೆದ್ದವಡುಗೂರಿನ ಕನ್ನಡ ಕಲ್ಬರಹದಲ್ಲಿ ಇದೇ ಜಗಳದ ಇನ್ನೊಂದು ಎಳೆಯಿದೆ. ‘ರಣವಿಕ್ರಮ’ನನ್ನು ಸೋಲಿಸಿದ ‘ಎರೆಯತಿಯಡಿಗಳ್’ ದಾನ ಕೊಟ್ಟದ್ದನ್ನು ಅದು ಹೇಳುತ್ತದೆ. ಇಬ್ಬರ ನಿಜನಾಮವೂ ಇಲ್ಲ. ಆದರೆ ಬಾದಾಮಿಯ ಗುಹಾಶಾಸನ ಮಂಗಳೇಶನನ್ನು ‘ರಣವಿಕ್ರಾಂತ’ ಎಂದು ಕರೆಯುತ್ತದೆ. ಆ ಬಿರುದಿನ ಜಾಡು ಹಿಡಿದು ರಣವಿಕ್ರಮ ಮಂಗಳೇಶನೆಂದೂ, ಎರೆಯ ಎಂಬುದು ಪುಲಕೇಶಿಯ ಮೊದಲಿನ ಹೆಸರೆಂದೂ ವಿದ್ವಾಂಸರು ಗುರುತಿಸಿದರು. ಶಾಸನದಲ್ಲಿ ತೇದಿಯಿಲ್ಲದ ಕಾರಣ ಇದು ಊಹೆಯೇ, ಆದರೂ ಗಟ್ಟಿಯಾದ ಊಹೆ.

ಮಂಗಳೇಶ ಬಿದ್ದ ಮೇಲೆ ರಾಜ್ಯಕ್ಕೆ ಕತ್ತಲು ಕವಿಯಿತು ಎನ್ನುತ್ತಾನೆ ರವಿಕೀರ್ತಿ. ಅಪ್ಪಾಯಿಕ, ಗೋವಿಂದ ಎಂಬಿಬ್ಬರು ಸಮಯ ನೋಡಿ ಭೀಮಾನದಿಯ ಕಡೆಯಿಂದ ಏರಿಬಂದರು. ಒಬ್ಬ ಹೆದರಿ ಓಡಿದ, ಇನ್ನೊಬ್ಬ ಪುಲಕೇಶಿಯ ಪಕ್ಷ ಸೇರಿಕೊಂಡ. ಆಳ್ವಿಕೆಯ ಮೂರನೆಯ ವರ್ಷದಲ್ಲಿ ಬಳೆಗೆ ಪೋಣಿಸಿದ ಪಟದಲ್ಲಿ ‘ಶತ್ರುರಾಜರು’ ಎಂದು ಬರೆಸುವಾಗ ಆಸ್ಥಾನದವರ ಕಣ್ಣಮುಂದೆ ಇದ್ದದ್ದು ಇಂಥವರೇ ಇರಬೇಕು. ಅವರಲ್ಲಿ ಮೊದಲನೆಯವನು ಸ್ವಂತ ಚಿಕ್ಕಪ್ಪ. ಅವನ ಹೆಸರು ವಂಶಾವಳಿಯಲ್ಲೂ ಬರಲಿಲ್ಲ, ಬಿರುದಿನ ಕಾರಣದಲ್ಲೂ ಬರಲಿಲ್ಲ.